ಖಾಲಿ ಗೋಡೆಗಾಗಿ ಗುದ್ದಾಟ: ಎಐ ಚಿತ್ರ ತಂತ್ರಾಂಶದೊಂದಿಗೆ 14 ತಿಂಗಳು

ಮಂಡಿಪೇಟೆಯ ಹತ್ತಿರ ನನ್ನದೊಂದು ಚಿಕ್ಕ ಡಿಸೈನ್ ಅಂಗಡಿ ಇದೆ. ಫ್ಲೆಕ್ಸ್, ಕರಪತ್ರ, ಅಕ್ಕಿ ಚೀಲದ ಮೇಲಿನ ಚಿತ್ರ, ಇಂಥವೇ ನನ್ನ ಕೆಲಸ. ಚಿತ್ರ ಬರೆದುಕೊಡುವ ಎಐ ತಂತ್ರಾಂಶವೊಂದಕ್ಕೆ 14 ತಿಂಗಳಿಂದ ತಿಂಗಳಿಗೆ 900 ರೂಪಾಯಿ ಕಟ್ಟುತ್ತಿದ್ದೇನೆ. ಅದು ಎಷ್ಟು ಚೆನ್ನಾಗಿ ಚಿತ್ರ ಬರೆಯುತ್ತದೆ ಎಂಬುದನ್ನು ನೀವೆಲ್ಲ ನೋಡಿದ್ದೀರಿ. ಅದು ಬರೆಯದೆ ಸುಮ್ಮನೆ ಬಿಡಬೇಕಾದ ಜಾಗದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನನ್ನ ಹೊಟ್ಟೆಪಾಡು ನಿಂತಿರುವುದು ಆ ಜಾಗದ ಮೇಲೆ. ಹೆಸರು, ಬೆಲೆ, ಫೋನ್ ನಂಬರು ಕೂರಬೇಕಾದದ್ದು ಅಲ್ಲಿ.

ಮೊದಲ ಮೂರು ತಿಂಗಳು ಈ ತಂತ್ರಾಂಶದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಳ್ಳಕೆರೆ ಕಡೆಯ ಒಬ್ಬ ಗಾಣದ ಯಜಮಾನರು ಶೇಂಗಾ ಎಣ್ಣೆಯ ಜಾಹೀರಾತಿಗೆ ಬಂದಿದ್ದರು. 12 ಅಡಿ ಅಗಲ, 4 ಅಡಿ ಎತ್ತರದ ಫ್ಲೆಕ್ಸ್. ಬಲಗಡೆ ಬಾಟಲಿ, ಎಡಗಡೆ ಎರಡು ಸಾಲಿನ ಶೀರ್ಷಿಕೆ, ಅದರ ಕೆಳಗೆ ಬೆಲೆ ಮತ್ತು ಫೋನ್ ನಂಬರು. ನಾನು ಟೈಪ್ ಮಾಡಿದ್ದು ಇಷ್ಟು:

```
groundnut oil bottle on a wooden table,
leave empty space on the left for text, no clutter
```

ಎಡಗಡೆ ಬಂದದ್ದು ಒಂದು ಬುಟ್ಟಿ ಶೇಂಗಾ, ಒಂದು ಹಸಿರು ಎಲೆ, ಗೋಡೆಯ ಮೇಲೆ ಯಾವ ಭಾಷೆಗೂ ಸೇರದ ನಾಲ್ಕು ಅಕ್ಷರಗಳು. ಮತ್ತೆ ಕೇಳಿದೆ, ಬುಟ್ಟಿ ಹೋಗಿ ಚಮಚ ಬಂತು. ಒಂದೇ ಮಧ್ಯಾಹ್ನ 22 ಚಿತ್ರ ತೆಗೆದೆ. ಒಂದರಲ್ಲಿಯೂ ಫೋನ್ ನಂಬರಿಗೆ ಜಾಗವಿರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಇಂಥ ತಂತ್ರಾಂಶ ಕಲಿತಿರುವುದು ಚಿತ್ರ ಮತ್ತು ಅದರ ವಿವರಣೆಯ ಜೋಡಿಗಳಿಂದ. ಚಿತ್ರದಲ್ಲಿ ಏನಿದೆ ಎಂದು ಜನ ಬರೆಯುತ್ತಾರೆ, ಏನಿಲ್ಲ ಎಂದು ಬರೆಯುವವರು ವಿರಳ. ಹಾಗಾಗಿ 'text' ಎಂಬ ಪದ ಕಂಡರೆ ಅದು ಅಕ್ಷರವನ್ನು ನೆನಪಿಸಿಕೊಳ್ಳುತ್ತದೆ, 'clutter' ಎಂದರೆ ಸಾಮಾನುಗಳನ್ನು. ಹಿಂದಿರುವ 'no' ಅದಕ್ಕೆ ಸರಿಯಾಗಿ ಕೇಳಿಸುವುದೇ ಇಲ್ಲ. ಬೇಡದ್ದನ್ನು ಬರೆಯಲು ಕೆಲವು ತಂತ್ರಾಂಶಗಳಲ್ಲಿ ಪ್ರತ್ಯೇಕ ಪೆಟ್ಟಿಗೆ ಇರುತ್ತದೆ. ಇದರಲ್ಲಿ ಇಲ್ಲ. ಆದ್ದರಿಂದ ಖಾಲಿ ಎಂಬ ಮಾತನ್ನೇ ಬಿಟ್ಟು, ಆ ಜಾಗದಲ್ಲಿ ಏನಿರಬೇಕು ಎಂದು ಹೇಳಲು ಶುರು ಮಾಡಿದೆ. ಅಲ್ಲಿ ಒಂದು ಗೋಡೆ ಇರಬೇಕು. ಯಾವ ಬಣ್ಣದ್ದು, ಎಷ್ಟು ನಯವಾದದ್ದು, ಎಲ್ಲಿಯವರೆಗೆ?

```
Wide product photo. One glass bottle of golden groundnut oil,
unlabelled, in the right third of the frame, a few peanuts
touching its base. The left two thirds is a smooth matte cream
wall, evenly lit, continuing unbroken to the edges.
Soft light from the upper left.
```

ಇದರಲ್ಲಿ ಎರಡು ಮಾತುಗಳು ನನಗೆ ದುಬಾರಿಯಾಗಿ ಸಿಕ್ಕಿದವು. ಶೇಂಗಾ ಬೇಡ ಎಂದರೆ ಅದು ಎಲ್ಲಾದರೂ ಚೆಲ್ಲುತ್ತದೆ. ಬಾಟಲಿಯ ಬುಡಕ್ಕೆ ತಾಗಿಕೊಂಡಿರಲಿ ಎಂದು ಜಾಗ ತೋರಿಸಿಕೊಟ್ಟರೆ ಅಲ್ಲಿಯೇ ಕೂರುತ್ತದೆ. ಎರಡನೆಯದು ಬೆಳಕು ಬರುವ ದಿಕ್ಕು. ಮೊದಲು ನಾನು ಬೆಳಕನ್ನು ಬಲದಿಂದ ಕೇಳಿದ್ದೆ. ಬಾಟಲಿಯ ನೆರಳು ಎಡಕ್ಕೆ ಬಿತ್ತು, ನೆರಳಿನೊಳಗೆ ಎಣ್ಣೆಯ ಮೂಲಕ ಹಾದುಬಂದ ಬಂಗಾರದ ಬೆಳಕೂ ಬಿತ್ತು. ನೋಡಲು ಬಹಳ ಚೆನ್ನಾಗಿತ್ತು. ಯಜಮಾನರು ಮೊಬೈಲ್‌ನಲ್ಲಿ ನೋಡಿ, "ಆ ಹೊಳಪು ಮಾತ್ರ ತೆಗೆಯಬೇಡಮ್ಮ, ನಮ್ಮ ಎಣ್ಣೆ ಹಾಗೇ ಇರುವುದು" ಎಂದರು. ಆದರೆ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಗಳು ಸರಿಯಾಗಿ ಅದೇ ಹೊಳಪಿನ ಮೇಲೆ ಬರುತ್ತಿದ್ದವು. ಕಡುಕಂದು ಅಂಕಿಗಳು ನೆರಳಿನಲ್ಲಿ ಮುಳುಗಿದವು, ಬಿಳಿ ಮಾಡಿದರೆ ಹೊಳಪಿನಲ್ಲಿ ಕರಗಿದವು. ಬೆಳಕನ್ನು ಮೇಲಿನ ಎಡಕ್ಕೆ ತಿರುಗಿಸಿದ ಮೇಲೆ ನೆರಳೂ ಹೊಳಪೂ ಬಲ ಅಂಚಿಗೆ ಸರಿದವು. ಯಜಮಾನರ ಹೊಳಪು ಉಳಿಯಿತು, ನನ್ನ ಅಂಕಿಗಳೂ ಉಳಿದವು. ಈ ತಂತ್ರಾಂಶದ ಮೇಲೆ ನನ್ನ ಮನಸ್ಸು ಮೆತ್ತಗಾದದ್ದು ಆ ದಿನ.

ಅಂದಿನಿಂದ ನನಗೊಂದು ಅಭ್ಯಾಸ ಬೆಳೆದಿದೆ. ಬೆಳಿಗ್ಗೆ ಶಟರ್ ಎತ್ತಿ, ದೇವರಿಗೆ ಊದುಬತ್ತಿ ಹಚ್ಚಿ, ಚಹಾ ಬರುವಷ್ಟರಲ್ಲಿ ಅಂದಿನ ಕೆಲಸದ ಅಕ್ಷರಗಳನ್ನು ಮೊದಲು ಕೂರಿಸುತ್ತೇನೆ. ಚಿತ್ರ ಇನ್ನೂ ಹುಟ್ಟಿರುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಮಾನಿಟರಿನ ಅಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಮಾರ್ಕರ್‌ನಿಂದ ಶೀರ್ಷಿಕೆಯ ಚೌಕ, ಬೆಲೆಯ ಚೌಕ, ನಂಬರಿನ ಚೌಕ ಎಳೆದು ಪರದೆಗೆ ಅಂಟಿಸುತ್ತೇನೆ. ಬರುವ ಪ್ರತಿ ಚಿತ್ರವೂ ಆ ಚೌಕಗಳ ಹಿಂದೆಯೇ ಕಾಣುತ್ತದೆ. ಚೌಕದೊಳಗೆ ಏನಾದರೂ ನುಸುಳಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಸ್ಪಿರಿಟ್ ಹಾಕಿ ಒರೆಸಿದರೆ ಹಾಳೆ ಮರುದಿನಕ್ಕೆ ಸಿದ್ಧ.

ಚೌಕಗಳ ಎತ್ತರವನ್ನು ಕನ್ನಡಕ್ಕೆ ತಕ್ಕಂತೆ ಎಳೆಯಬೇಕು. ಯಜಮಾನರ ಶೀರ್ಷಿಕೆ "ಗಾಣದೆಣ್ಣೆಯ ಘಮ, ಅಡುಗೆಮನೆಯ ಸಂಭ್ರಮ" ಎಂದಿತ್ತು. ಮೊದಲ ಸಾಲಿನ ಣಕಾರದ ಒತ್ತು ಕೆಳಗೆ ಇಳಿಯುತ್ತದೆ, ಎರಡನೆಯ ಸಾಲಿನ ಎತ್ವದ ಗುರುತು ಮೇಲಕ್ಕೆ ಏಳುತ್ತದೆ. ಎರಡೂ ಒಂದಕ್ಕೊಂದು ಬಡಿಯುತ್ತವೆ. ಡಿಸೈನ್ ತಂತ್ರಾಂಶಗಳು ತಾವಾಗಿಯೇ ಕೊಡುವ ಸಾಲಿನ ಅಂತರ ಸಾಮಾನ್ಯವಾಗಿ ಅಕ್ಷರದ ಅಳತೆಯ 120 ಪ್ರತಿಶತ. ಇಂಗ್ಲಿಷಿಗೆ ಅದು ಸಾಕು. ನಾನು ಕನ್ನಡಕ್ಕೆ 150ರಷ್ಟು ಕೊಡುತ್ತೇನೆ. ಬೇರೆಯವರ ಇಂಗ್ಲಿಷ್ ಜಾಹೀರಾತು ನೋಡಿ ಅಷ್ಟೇ ಜಾಗ ಬಿಟ್ಟರೆ ನಮ್ಮ ಎರಡನೆಯ ಸಾಲು ಶೇಂಗಾದ ಮೇಲೆ ಹೋಗಿ ಕೂರುತ್ತದೆ.

ಈಗ ಅಳತೆಯ ತೊಂದರೆ. ಈ ತಂತ್ರಾಂಶ ಕೊಡುವ ಅತಿ ಅಗಲದ ಚಿತ್ರ 16:9. 4 ಅಡಿ ಎತ್ತರಕ್ಕೆ ಅದು 7 ಅಡಿ ಚಿಲ್ಲರೆ ಅಗಲ ಬರುತ್ತದೆ. ಉಳಿದ ಸುಮಾರು 5 ಅಡಿಯನ್ನು ಎಡಕ್ಕೆ ಹಿಗ್ಗಿಸಬೇಕು. ಅಂಚಿನಾಚೆಗೆ ಚಿತ್ರವನ್ನು ಮುಂದುವರಿಸುವ ಸೌಲಭ್ಯ ಇದರಲ್ಲಿದೆ. ಆದರೆ ಒಂದೇ ಬಾರಿಗೆ 5 ಅಡಿ ಕೇಳಿದಾಗ ಅದು ಎಡ ತುದಿಯಲ್ಲಿ ಇನ್ನೊಂದು ಬಾಟಲಿ ನಿಲ್ಲಿಸಿಬಿಟ್ಟಿತು. ಹೊಸ ಜಾಗ ದೊಡ್ಡದಾದಷ್ಟೂ ಅದಕ್ಕೆ ಹಳೆಯ ಚಿತ್ರದ ಹಿಡಿತ ತಪ್ಪುತ್ತದೆ, ಅದು ತಾನೇ ಒಂದು ಹೊಸ ಚಿತ್ರ ಶುರು ಮಾಡುತ್ತದೆ. ಹೀಗಾಗಿ ಅಡಿಯಷ್ಟಷ್ಟೇ ಹಿಗ್ಗಿಸುತ್ತಾ ಹೋದೆ. ಪ್ರತಿ ಸಲ ಬಾಟಲಿಯ ಮಾತು ಎತ್ತದೆ, ಬರೀ ಗೋಡೆಯ ವರ್ಣನೆ ಕೊಟ್ಟೆ. ಗೋಡೆ ಬಂತು.

ಬಂದ ಗೋಡೆಯನ್ನು ಹಾಗೇ ನಂಬಬಾರದು. ಪ್ರತಿ ಹಿಗ್ಗಿಸುವಿಕೆಯಲ್ಲೂ ಬಣ್ಣ ಒಂದು ಎಳೆಯಷ್ಟು ಜಾರುತ್ತದೆ. ಪರದೆಯಲ್ಲಿ ಕಾಣುವುದಿಲ್ಲ, 12 ಅಡಿಯಲ್ಲಿ ಮುದ್ರಿಸಿದಾಗ ಉದ್ದುದ್ದ ಪಟ್ಟೆಗಳಾಗಿ ಎದ್ದು ಕಾಣುತ್ತದೆ. ಅದನ್ನು ಮೊದಲೇ ಹಿಡಿಯಲು, ಚಿತ್ರದ ಮೇಲೆ ತಾತ್ಕಾಲಿಕವಾಗಿ, ಬೆಳಕು ಕತ್ತಲೆಯ ಅಂತರ ಹಿಗ್ಗಿಸುವ ಕರ್ವ್ಸ್ ಪದರವೊಂದನ್ನು ಹಾಕಿ ಗೆರೆಯನ್ನು ಕಡಿದಾಗಿ ಎಳೆಯುತ್ತೇನೆ. ಚಿತ್ರ ವಿಕಾರವಾಗುತ್ತದೆ, ಆದರೆ ಅಡಗಿದ್ದುದೆಲ್ಲ ಹೊರಬರುತ್ತದೆ: ಹೊಲಿಗೆಯ ಗೆರೆಗಳು, ಮಸುಕಾದ ಎಲೆಯ ನೆರಳು, ಒಮ್ಮೊಮ್ಮೆ ಅಳಿಸಿದಂತಿರುವ ಅಕ್ಷರದ ಆಕಾರಗಳೂ. ನೋಡಿಯಾದ ಮೇಲೆ ಆ ಪದರವನ್ನು ತೆಗೆಯುತ್ತೇನೆ. ಆಮೇಲೆ ಶೀರ್ಷಿಕೆಯ ಚೌಕದ ನಾಲ್ಕು ಮೂಲೆಗಳಲ್ಲಿ ಬಣ್ಣ ಅಳೆಯುವ ಕಡ್ಡಿ ಇಟ್ಟು ಬೆಳಕಿನ ಅಂಕಿ ನೋಡುತ್ತೇನೆ. 0 ಎಂದರೆ ಕಪ್ಪು, 100 ಎಂದರೆ ಬಿಳಿ. ಆ ಎಣ್ಣೆಯ ಚಿತ್ರದಲ್ಲಿ ಮೂರು ಮೂಲೆಗಳು 84, 82, 81 ಇದ್ದವು, ಕೆಳಗಿನ ಎಡ ಮೂಲೆ ಮಾತ್ರ 63. ಈ ತಂತ್ರಾಂಶಕ್ಕೆ ಮೂಲೆಗಳನ್ನು ಕಪ್ಪಾಗಿಸುವ ಚಟವಿದೆ, 'evenly lit' ಎಂದರೂ ಬಿಡುವುದಿಲ್ಲ. ಮೂಲೆಗಳ ನಡುವೆ 10ಕ್ಕಿಂತ ಹೆಚ್ಚು ಅಂತರವಿದ್ದರೆ ನಾನು ಅಕ್ಷರ ಕೂರಿಸುವುದಿಲ್ಲ, ಏಕೆಂದರೆ ಒಂದೇ ಬಣ್ಣದ ಅಕ್ಷರ ಸಾಲಿನ ಒಂದು ತುದಿಯಲ್ಲಿ ಗಟ್ಟಿಯಾಗಿ, ಇನ್ನೊಂದು ತುದಿಯಲ್ಲಿ ಸೊರಗಿದಂತೆ ಕಾಣುತ್ತದೆ.

ಇಲ್ಲಿ ನನ್ನ ದೊಡ್ಡ ತಕರಾರು ಬರುತ್ತದೆ. ಆ ಮೂಲೆಯನ್ನು ಸರಿಪಡಿಸಲು ತಂತ್ರಾಂಶಕ್ಕೇ ಏಳು ಸಲ ಕೊಟ್ಟೆ. ಪ್ರತಿ ಸಲವೂ ನನ್ನ ತಿಂಗಳ ಲೆಕ್ಕದಿಂದ ಒಂದು ಚಿತ್ರ ಕಡಿತವಾಯಿತು, ಮೂಲೆ ಕಪ್ಪಾಗಿಯೇ ಉಳಿಯಿತು. ಕೊನೆಗೆ ಗೋಡೆಯ ಬಣ್ಣವನ್ನೇ ಎತ್ತಿಕೊಂಡು, ಎಡಭಾಗಕ್ಕೆಲ್ಲ ನಾನೇ ಗ್ರೇಡಿಯಂಟ್, ಅಂದರೆ ಮೆಲ್ಲಗೆ ಛಾಯೆ ಬದಲಾಗುತ್ತ ಹೋಗುವ ಬಣ್ಣ, ಎಳೆದೆ. ಬಾಟಲಿಯ ಹತ್ತಿರ ಮೆಲ್ಲಗೆ ಕರಗುವಂತೆ ಮಾಸ್ಕ್ ಹಾಕಿದೆ. ಬರೀ ಗ್ರೇಡಿಯಂಟ್ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಮುದ್ರಣದಲ್ಲಿ ಪಟ್ಟೆ ಬೀಳುವ ಅಪಾಯವೂ ಇದೆ. ಅದಕ್ಕೆ 2 ಪ್ರತಿಶತ ನಾಯ್ಸ್, ಅಂದರೆ ಮರಳಿನಂಥ ಸಣ್ಣ ಚುಕ್ಕೆಗಳನ್ನು, ಬೆರೆಸಿದರೆ ಗೋಡೆಗೆ ಗಾರೆಯ ಜೀವ ಬರುತ್ತದೆ. ಒಟ್ಟು ಹತ್ತು ನಿಮಿಷದ ಕೆಲಸ. ಸಪಾಟು ಗೋಡೆ ಸಾಕಾಗುವ ಕೆಲಸಗಳಿಗೆ ಈಗ ನಾನು ತಂತ್ರಾಂಶದಿಂದ ಬಾಟಲಿ ಮತ್ತು ಅದರ ಸುತ್ತಲಿನ ಒಂದಿಷ್ಟು ಜಾಗವನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಉಳಿದ ಗೋಡೆ ನನ್ನದೇ. ಲೇಬಲ್ ಕೂಡ ನನ್ನದೇ, ಏಕೆಂದರೆ ಇದು ಬರೆಯುವ ಕನ್ನಡ ಅಕ್ಷರಗಳನ್ನು ಓದಲು ಆಗುವುದಿಲ್ಲ.

ಹಾಗಿದ್ದರೆ 900 ರೂಪಾಯಿ ಏಕೆ ಕಟ್ಟುತ್ತೇನೆ? ಮರದ ಮೇಜು, ಅಡುಗೆಮನೆ, ಹೊಲದ ಬದಿಯಂಥ ಹಿನ್ನೆಲೆ ಕೇಳುವವರು ಇದ್ದಾರೆ. ಅಲ್ಲಿ ಗ್ರೇಡಿಯಂಟ್ ನಡೆಯುವುದಿಲ್ಲ. ಮಸುಕಾದ ಅಡುಗೆಮನೆಯ ಮುಂದೆ ಬಾಟಲಿ ನಿಲ್ಲಿಸಿ, ಎಡಗಡೆ ಬರೀ ಮಂಜಿನಂಥ ಬಣ್ಣ ಉಳಿಯುವಂತೆ ಮಾಡುವುದು ಇದಕ್ಕೆ ಚೆನ್ನಾಗಿ ಬರುತ್ತದೆ. ಅಂಥ ಫೋಟೊವನ್ನು ನಾನು ತೆಗೆಸಬೇಕೆಂದರೆ ಒಂದು ಸಲಕ್ಕೇ ನಾಲ್ಕು ತಿಂಗಳ ಚಂದಾದಷ್ಟು ಖರ್ಚು. ಆದರೆ ವರ್ಷದ ಚಂದಾ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಎರಡು ಸಲ ತಂತ್ರಾಂಶದ ಆವೃತ್ತಿ ಬದಲಾಯಿತು, ಎರಡು ಸಲವೂ ನನ್ನ ಅದೇ ಮಾತಿಗೆ ಬಾಟಲಿ ಮತ್ತೆ ನಡುಮಧ್ಯಕ್ಕೆ ಬಂದು ನಿಂತಿತು. ಪದಗಳನ್ನು ಹೊಸದಾಗಿ ಹದ ಮಾಡಲು ಒಂದೊಂದು ವಾರ ಹೋಯಿತು.

ಎಣ್ಣೆಯ ಫ್ಲೆಕ್ಸ್ ಒಪ್ಪಿಗೆಗೆ ಯಜಮಾನರು ಅಂಗಡಿಗೇ ಬಂದರು. ಅಳತೆ ಕುಗ್ಗಿಸಿ ತೆಗೆದ ಮುದ್ರಣವನ್ನು ಎದುರುಗಡೆಯ ಶಟರಿಗೆ ಅಂಟಿಸಿ, ರಸ್ತೆಯ ಈಚೆ ನಿಂತು ತೋರಿಸಿದೆ. ಬಹಳ ಹೊತ್ತು ನೋಡಿದರು. "ಎಲ್ಲ ಸರಿಯಮ್ಮ. ಈ ಕಡೆ ಇಷ್ಟು ಜಾಗ ಸುಮ್ಮನೆ ಬಿಟ್ಟಿದ್ದೀಯಲ್ಲ, ಅಲ್ಲಿ ನಮ್ಮ ಅಪ್ಪನ ಫೋಟೊ ಹಾಕು" ಎಂದರು. ನಾನು ವಾದ ಮಾಡಲಿಲ್ಲ. ಫೋಟೊ ಹಾಕಿದ್ದು, ಹಾಕದ್ದು ಎರಡೂ ಮಾಡಿ ಪಕ್ಕಪಕ್ಕ ಅಂಟಿಸಿ, ಫೋನ್ ನಂಬರು ಓದಿ ಹೇಳಿ ಎಂದೆ. ಮೊದಲನೆಯದರಲ್ಲಿ ಎರಡು ಅಂಕಿ ತಪ್ಪಿದವು. ಅಪ್ಪನ ಫೋಟೊವನ್ನು ಬಾಟಲಿಯ ಲೇಬಲ್ಲಿಗೆ ಹಾಕಿಕೊಟ್ಟೆ.