ಎರೆಜಲವೋ, ಗೊಬ್ಬರದ ಕಷಾಯವೋ: ಟೊಮೆಟೊ, ಮೆಣಸಿನ ಸಾಲುಗಳಲ್ಲಿ ನೋಡಿದ್ದು

ತರಕಾರಿಗೆ ದ್ರವಗೊಬ್ಬರ ಮಾಡಿಕೊಳ್ಳಬೇಕು ಎಂದು ಕೇಳುವವರಿಗೆ ಸಾಮಾನ್ಯವಾಗಿ ಎರಡು ದಾರಿ ಸಿಗುತ್ತವೆ. ಒಂದು, ಎರೆಹುಳುವಿನ ಡ್ರಮ್ಮಿನಿಂದ ತೊಟ್ಟಿಕ್ಕಿಸಿ ತೆಗೆಯುವ ಎರೆಜಲ. ಇನ್ನೊಂದು, ಮಾಗಿದ ಕಾಂಪೋಸ್ಟನ್ನು ನೀರಿನಲ್ಲಿ ನೆನೆಸಿ ಸೋಸಿದ ಕಷಾಯ. ದಾವಣಗೆರೆಯಲ್ಲಿ ನಮ್ಮ ಮನೆಯ ಹಿಂದಿನ ಕಪ್ಪು ಮಣ್ಣಿನ ಜಾಗದಲ್ಲೂ, ಚಿತ್ರದುರ್ಗದಲ್ಲಿ ಅಕ್ಕನ ಮನೆಯ ಕೆಮ್ಮಣ್ಣಿನಲ್ಲೂ ಎರಡನ್ನೂ ಅಕ್ಕಪಕ್ಕದ ಸಾಲುಗಳಿಗೆ ಕೊಟ್ಟು ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಎಲೆಗೆ ಎರೆಜಲ, ಬೇರಿಗೆ ಕಷಾಯ. ಒಂದೇ ಮಾಡಲು ಸಾಧ್ಯ ಎನ್ನುವವರು ಕಷಾಯವನ್ನೇ ಹಿಡಿಯಲಿ.

ಶ್ರಮದಲ್ಲಿ ಎರಡಕ್ಕೂ ಅಜಗಜಾಂತರ. ಎರೆಜಲಕ್ಕೆ ತಳದಲ್ಲಿ ನಲ್ಲಿ ಇರುವ ದೊಡ್ಡ ಪ್ಲಾಸ್ಟಿಕ್ ಡ್ರಮ್ ಬೇಕು. ಕೆಳಗೆ ಒಂದು ಗೇಣಿನಷ್ಟು ಒಡೆದ ಇಟ್ಟಿಗೆ, ಅದರ ಮೇಲೆ ಅಷ್ಟೇ ದಪ್ಪ ಮರಳು, ಮೇಲೆ ಮಣ್ಣು ಮತ್ತು ಅರೆಮಾಗಿದ ಸಗಣಿಗೊಬ್ಬರ ಹಾಕಿ ಹುಳು ಬಿಟ್ಟು, ಒಣಹುಲ್ಲು ಮುಚ್ಚಬೇಕು. ಮೇಲೊಂದು ಮಡಕೆ ತೂಗುಹಾಕಿ, ತಳದ ಸಣ್ಣ ತೂತಿಗೆ ಬತ್ತಿ ಸಿಕ್ಕಿಸಿ, ರಾತ್ರಿಯಿಡೀ ನಾಲ್ಕೈದು ಲೀಟರ್ ನೀರು ಹನಿಹನಿಯಾಗಿ ಇಳಿಯುವಂತೆ ಮಾಡಿದರೆ ಬೆಳಿಗ್ಗೆ ನಲ್ಲಿಯಲ್ಲಿ ಎರೆಜಲ ಸಿಗುತ್ತದೆ. ಹುಳು ಒಗ್ಗಿಕೊಳ್ಳುವ ಮೊದಲ ಎರಡು ವಾರ ಬರುವ ನೀರು ಕೆಲಸಕ್ಕೆ ಬಾರದು, ಅದನ್ನು ಮರದ ಬುಡಕ್ಕೆ ಚೆಲ್ಲಿದರೆ ಸಾಕು. ಬೇಸಿಗೆಯಲ್ಲಿ ಡ್ರಮ್ ನೆರಳಿನಲ್ಲಿಲ್ಲದಿದ್ದರೆ ಹುಳುಗಳು ಸಾಯುತ್ತವೆ.

ಕಷಾಯಕ್ಕೆ ಇಷ್ಟು ಗದ್ದಲವಿಲ್ಲ. ಒಂದು ಕಿಲೋ ಚೆನ್ನಾಗಿ ಮಾಗಿದ ಕಾಂಪೋಸ್ಟನ್ನು ಹಳೆಯ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಕಟ್ಟಿ, ಹತ್ತು ಲೀಟರ್ ನೀರಿನ ಬಕೆಟ್‌ನಲ್ಲಿ ಇಳಿಬಿಡುತ್ತೇನೆ. ನಗರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಹಿಂದಿನ ರಾತ್ರಿಯೇ ತುಂಬಿ ತೆರೆದಿಡಬೇಕು. ಒಂದು ದಿನ ನೆನೆಯಬೇಕು, ಮಧ್ಯೆ ಹಲವು ಬಾರಿ ಕೋಲಿನಿಂದ ಜೋರಾಗಿ ಕಲಕಬೇಕು. ಮೀನಿನ ತೊಟ್ಟಿಗೆ ಹಾಕುವ ಗಾಳಿಯ ಪಂಪ್ ಇದ್ದರೆ ಅದನ್ನೇ ಬಿಟ್ಟರೆ ಕಲಕುವ ಕೆಲಸ ತಪ್ಪುತ್ತದೆ. ಸೋಸಿದ ಕಷಾಯವನ್ನು ಅದೇ ದಿನ, ಆದಷ್ಟೂ ಕೆಲವು ಗಂಟೆಗಳಲ್ಲೇ ಗಿಡಕ್ಕೆ ಕೊಡಬೇಕು. ಅದರಲ್ಲಿರುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ತಿಂದು ಮುಗಿಸಿದ ಮೇಲೆ ಬಕೆಟ್ ಕೊಳೆಯತೊಡಗುತ್ತದೆ. ಕೊಳೆತದ್ದು ಮೂಗಿಗೇ ತಿಳಿಯುತ್ತದೆ: ಒಳ್ಳೆಯ ಕಷಾಯಕ್ಕೆ ಮಳೆ ಬಿದ್ದ ಮಣ್ಣಿನ ವಾಸನೆ, ಕೆಟ್ಟದ್ದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಎರಡನೆಯದನ್ನು ನೀರು ಸೇರಿಸಿ ತೆಳುಮಾಡಿಯೂ ಬಳಸಬೇಡಿ, ಕಾಂಪೋಸ್ಟ್ ರಾಶಿಯ ಮೇಲೆ ಸುರಿದುಬಿಡಿ. ಎರೆಜಲ ಹೀಗೆ ಬೇಗ ಕೆಡುವುದಿಲ್ಲ. ನೆರಳಿನಲ್ಲಿ, ಮುಚ್ಚಳ ಸಡಿಲವಾಗಿಟ್ಟರೆ ಕೆಲವು ವಾರ ಇಡಬಹುದು. ಅದರ ಮುಖ್ಯ ಅನುಕೂಲವೇ ಇದು.

ಇಲ್ಲಿ ಒಂದು ಮಾತು. ಎರೆಗೊಬ್ಬರದ ತೊಟ್ಟಿಯ ತಳದಿಂದ ತಾನಾಗಿ ಸೋರುವ ಕಪ್ಪು ನೀರನ್ನು ಕೂಡ ಎರೆಜಲ ಎಂದು ಬಾಟಲಿಗೆ ತುಂಬಿಡುವವರಿದ್ದಾರೆ. ಅದು ಬೇರೆ ವಸ್ತು. ತೊಟ್ಟಿಗೆ ನೀರು ಹೆಚ್ಚಾಗಿ, ಇನ್ನೂ ಕೊಳೆಯದ ಕಸದ ಮೂಲಕ ಇಳಿದ ನೀರು ಅದು. ಉಪ್ಪಿನಂಶ ಹೆಚ್ಚಿರಬಹುದು, ಗಾಳಿಯಿಲ್ಲದೆ ಹುಳಿತಿರಬಹುದು. ಎಳೆಯ ಸಸಿಗಳಿಗೆ ಹಾಕಿದರೆ ಎಲೆಯ ತುದಿ ಕಂದುಬಣ್ಣಕ್ಕೆ ತಿರುಗುತ್ತದೆ. ಬಳಸಲೇಬೇಕೆಂದರೆ ಇಪ್ಪತ್ತು ಪಟ್ಟು ನೀರು ಸೇರಿಸಿ, ಬಲಿತ ಗಿಡಗಳ ಬುಡಕ್ಕೆ ಮಾತ್ರ ಹಾಕಿ. ಬಣ್ಣ ಕಪ್ಪಿದ್ದಷ್ಟೂ ಸತ್ವ ಹೆಚ್ಚು ಎಂಬ ನಂಬಿಕೆಗೆ ಆಧಾರವಿಲ್ಲ. ನನ್ನ ಡ್ರಮ್ಮಿನ ಎರೆಜಲ ಜೇನಿನ ಬಣ್ಣದ್ದು.

ಹೊಸ ದ್ರವ ಯಾವುದೇ ಆಗಲಿ, ಗಿಡಕ್ಕೆ ಕೊಡುವ ಮೊದಲು ಹೆಸರುಕಾಳಿನ ಮೇಲೆ ನೋಡುವುದು ಒಳ್ಳೆಯದು. ಎರಡು ತಟ್ಟೆಗಳಲ್ಲಿ ಹತ್ತಿಬಟ್ಟೆ ಹಾಸಿ, ತಲಾ ಹತ್ತು ಕಾಳು ಇಟ್ಟು, ಒಂದಕ್ಕೆ ಬರಿ ನೀರು, ಇನ್ನೊಂದಕ್ಕೆ ಗಿಡಕ್ಕೆ ಕೊಡಲು ತೆಳುಮಾಡಿದ ದ್ರವ ಹಾಕಿ. ಮೂರನೆಯ ದಿನ ಬೇರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದ್ರವ ಹಾಕಿದ ಕಾಳಿನ ಬೇರು ಮೊಂಡಾಗಿ ತುದಿ ಕಂದಿದ್ದರೆ, ಅಥವಾ ಮೊಳೆತದ್ದೇ ಕಡಿಮೆಯಾದರೆ, ನೀರು ದುಪ್ಪಟ್ಟು ಮಾಡಿ ಮತ್ತೆ ನೋಡಿ. ಬೇರುಗಳು ಉದ್ದವಾಗಿ ಬೆಳ್ಳಗಿದ್ದರೆ ಆ ಪ್ರಮಾಣ ಸರಿ.

ಪ್ರಮಾಣದ ಲೆಕ್ಕ ಹೀಗಿದೆ. ಎಲೆಗೆ ಸಿಂಪಡಿಸಲು ಒಂದು ಪಾಲು ಎರೆಜಲಕ್ಕೆ ಹತ್ತು ಪಾಲು ನೀರು. ಬೆನ್ನಿಗೆ ಹಾಕುವ ಹದಿನಾರು ಲೀಟರಿನ ಸಿಂಪಡಿಕೆ ಯಂತ್ರಕ್ಕೆ ಸುಮಾರು ಒಂದೂವರೆ ಲೀಟರ್ ಸಾಕು. ನರ್ಸರಿ ಸಸಿಗಳಿಗೆ ಇಪ್ಪತ್ತು ಪಾಲು ನೀರು. ಕಷಾಯಕ್ಕೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಏಕೆಂದರೆ ನೆನೆಸುವಾಗಲೇ ಅದು ತೆಳುವಾಗಿರುತ್ತದೆ. ಹೂ ಬಿಡುವ ಹಂತದ ಒಂದು ಟೊಮೆಟೊ ಗಿಡಕ್ಕೆ ಬುಡದ ಸುತ್ತ ಅರ್ಧ ಲೀಟರ್ ಹಾಕುತ್ತೇನೆ. ಇಪ್ಪತ್ತು ಗಿಡಗಳ ಸಾಲಿಗೆ ಎರಡು ಲೀಟರ್ ಕಷಾಯ ಮತ್ತು ಎಂಟು ಲೀಟರ್ ನೀರು ಸೇರಿದರೆ ಆಯಿತು. ಮಣ್ಣು ಒಣಗಿರುವಾಗ ಹಾಕಬೇಡಿ, ಮೊದಲು ನೀರು ಕಟ್ಟಿ ಆಮೇಲೆ ಹಾಕಿ.

ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಮಣ್ಣು ನೋಡಿ ತೀರ್ಮಾನಿಸಬೇಕು. ನಮ್ಮ ಕಪ್ಪು ಮಣ್ಣು ಹಾಕಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಹದಿನೈದು ದಿನಕ್ಕೊಮ್ಮೆ ಸಾಕು. ಅಕ್ಕನ ಕೆಮ್ಮಣ್ಣಿನಲ್ಲಿ ನೀರಿನ ಜೊತೆ ಎಲ್ಲವೂ ಇಳಿದುಹೋಗುವುದರಿಂದ ವಾರಕ್ಕೊಮ್ಮೆ ಅರ್ಧ ಪ್ರಮಾಣ ಕೊಟ್ಟರೆ ಗಿಡದ ಬಣ್ಣ ಚೆನ್ನಾಗಿ ನಿಲ್ಲುತ್ತದೆ. ಎರೆಜಲದ ಸಿಂಪಡಣೆ ಎರಡೂ ಕಡೆ ಹತ್ತರಿಂದ ಹದಿನೈದು ದಿನಕ್ಕೊಮ್ಮೆ. ಬಿಸಿಲೇರುವ ಮೊದಲು ಬೆಳಿಗ್ಗೆ, ಇಲ್ಲವೇ ಸಂಜೆ ಇಳಿಹೊತ್ತಿನಲ್ಲಿ ಸಿಂಪಡಿಸಿ. ಬೋರ್‌ವೆಲ್ಲಿನ ಗಡಸು ನೀರಿನಿಂದ ತೆಳುಮಾಡಿದರೆ ಎಲೆಯ ಮೇಲೆ ಬಿಳಿ ಕಲೆ ಉಳಿಯುತ್ತದೆ. ಮಳೆನೀರು ಸಂಗ್ರಹವಿದ್ದರೆ ಸಿಂಪಡಣೆಗೆ ಅದನ್ನೇ ಮೀಸಲಿಡಿ.

ಫಲಿತಾಂಶದಲ್ಲಿ ಏನು ಕಂಡಿತು? ಕೆಮ್ಮಣ್ಣಿನ ಟೊಮೆಟೊ ಸಾಲಿನಲ್ಲಿ ಕಷಾಯ ಕುಡಿದ ಗಿಡಗಳು ಎರಡನೆಯ ಬಾರಿಯ ನಂತರ ಕಣ್ಣಿಗೆ ಕಾಣುವಷ್ಟು ಹಸಿರಾದವು. ಎರೆಜಲವನ್ನು ಬುಡಕ್ಕೆ ಹಾಕಿದ ಸಾಲು ಅದರ ಹಿಂದೆಯೇ ಉಳಿಯಿತು. ಆದರೆ ಸಸಿ ನಾಟಿಯಾದ ಮೊದಲ ದಿನಗಳಲ್ಲಿ ಎರೆಜಲ ಸಿಂಪಡಿಸಿದವು ಬೇಗ ಚೇತರಿಸಿಕೊಂಡವು. ನಮ್ಮ ಕಪ್ಪು ಮಣ್ಣಿಗೆ ಮೊದಲೇ ಸಾಕಷ್ಟು ಕಾಂಪೋಸ್ಟ್ ಬಿದ್ದಿದ್ದರಿಂದ ಅಲ್ಲಿ ಎರಡರ ವ್ಯತ್ಯಾಸ ತೀರಾ ಕಡಿಮೆ. ಇದು ಸಹಜವೇ, ಏಕೆಂದರೆ ಎರಡರಲ್ಲೂ ಸಾರಜನಕ ಸ್ವಲ್ಪವೇ ಇದೆ. ಕೆಳಗಿನ ಎಲೆಗಳು ಹಳದಿಯಾಗುತ್ತಿದ್ದರೆ ಗಿಡಕ್ಕೆ ಎರಡು ಹಿಡಿ ಗಟ್ಟಿ ಎರೆಗೊಬ್ಬರವೇ ಬೇಕು.

ಮೆಣಸಿನ ಎಲೆ ಮುದುರಿದರೆ ಎರೆಜಲ ಹೊಡೆಯಿರಿ ಎನ್ನುವವರನ್ನು ನಂಬಬೇಡಿ. ಆ ಮುದುರು ಥ್ರಿಪ್ಸ್, ನುಸಿ ಅಥವಾ ವೈರಸ್ಸಿನದು. ಮೊದಲು ಎಲೆ ತಿರುಗಿಸಿ ಕೀಟವಿದೆಯೇ ನೋಡಿ.

ಕಷಾಯಕ್ಕೆ ಬೆಲ್ಲ ಸೇರಿಸುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ಬೆಲ್ಲದಿಂದ ಒಳ್ಳೆಯ ಸೂಕ್ಷ್ಮಜೀವಿಗಳಷ್ಟೇ ಅಲ್ಲ, ಸಗಣಿಯಲ್ಲಿ ಉಳಿದಿರಬಹುದಾದ ರೋಗಕಾರಕಗಳೂ ಹೆಚ್ಚುತ್ತವೆ. ಅದೇ ಕಾರಣಕ್ಕೆ ಕೊತ್ತಂಬರಿ, ಮೆಂತ್ಯ, ಪಾಲಕ್‌ನಂಥ ಸೊಪ್ಪಿನ ಎಲೆಗೆ ಎರಡರಲ್ಲಿ ಯಾವುದನ್ನೂ ಸಿಂಪಡಿಸುವುದಿಲ್ಲ, ಸೌತೆಗೂ ಅಷ್ಟೇ. ಅವುಗಳಿಗೆ ಬುಡಕ್ಕೆ ಮಾತ್ರ, ಅದೂ ಮೊಳಕೆ ಬಂದು ಸ್ವಲ್ಪ ಬೆಳೆಯುವವರೆಗೆ. ಸೋಸಿ ಉಳಿದ ಪಂಚೆಯೊಳಗಿನ ಗೊಬ್ಬರವನ್ನು ಬದನೆ ಗಿಡಗಳ ಬುಡಕ್ಕೆ ಹರಡುತ್ತೇನೆ.