ಭಾವಚಿತ್ರಕ್ಕೆ ಸರ, ಜುಮುಕಿ ಸೇರಿಸುವ ಮೂರು ವಿಧಾನಗಳು: ಒಂದು ಹೋಲಿಕೆ

ಶಿರಸಿಯ ಮನೆಯ ಜಗುಲಿಯಲ್ಲಿ ಮಳೆಗಾಲದಲ್ಲಿ ತೆಗೆದ ಅತ್ತಿಗೆಯ ಭಾವಚಿತ್ರವೊಂದಕ್ಕೆ, ಅಂದು ಬ್ಯಾಂಕಿನ ಲಾಕರಿನಲ್ಲಿದ್ದ ಎರಡೆಳೆ ಗುಂಡಿನ ಸರವನ್ನೂ ಜುಮುಕಿಗಳನ್ನೂ ಸೇರಿಸಬೇಕಾಗಿತ್ತು. ಚಿತ್ರದ ಎಡಭಾಗಕ್ಕೆ ಅಂಗಳ, ಬಲಭಾಗಕ್ಕೆ ಗೋಡೆ. ಮೋಡದ ಮೆದು ಬೆಳಕು ಎಡಗಡೆಯಿಂದ ಮಾತ್ರ ಬರುತ್ತಿತ್ತು. ಇದೇ ಚಿತ್ರದ ಮೇಲೆ Photoshopನಲ್ಲಿ ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದ್ದೇನೆ: ಅಂತರ್ಜಾಲದಲ್ಲಿ ಸಿಗುವ, ಹಿನ್ನೆಲೆ ತೆಗೆದ ಸಿದ್ಧಚಿತ್ರವನ್ನು ಅಂಟಿಸುವುದು; ಅದೇ ಆಭರಣವನ್ನು ಅದೇ ಜಗುಲಿಯಲ್ಲಿ ಮತ್ತೆ ಛಾಯಾಚಿತ್ರ ತೆಗೆದು ಜೋಡಿಸುವುದು; ಬ್ರಷ್‌ನಿಂದ ಪೂರ್ತಿಯಾಗಿ ಬರೆಯುವುದು.

ಸಿದ್ಧಚಿತ್ರದ ಸರವನ್ನು Warp ಬಳಸಿ ಕೊರಳಿನ ಬಾಗಿಗೆ ಹೊಂದಿಸುವುದು ಸುಲಭ. ಆದರೆ ಅದರ ಹೊಳಪು ಎಲ್ಲಿಂದ ಬಂದದ್ದು ಎಂಬುದನ್ನು ಮರೆಮಾಚಲು ಆಗುವುದಿಲ್ಲ. ನಾನು ಆರಿಸಿಕೊಂಡ ಸರದ ಪ್ರತಿ ಗುಂಡಿನ ಮೇಲೂ ಅಂಗಡಿಯ ಎರಡು ದೀಪಗಳ ಎರಡು ಚುಕ್ಕೆಗಳಿದ್ದವು. ಅತ್ತಿಗೆಯ ಕಣ್ಣಿನಲ್ಲಾದರೋ ಅಂಗಳದ ಒಂದೇ ಅಗಲವಾದ ಬೆಳಕಿನ ಪಟ್ಟಿ ಕಾಣುತ್ತಿತ್ತು. ಆಭರಣದ ಹೊಳಪು ಸರಿಯೇ ಎಂದು ಪರೀಕ್ಷಿಸಲು ಕಣ್ಣಿನ ಆ ಪ್ರತಿಫಲನಕ್ಕಿಂತ ಉತ್ತಮ ಸಾಕ್ಷಿ ಬೇರಿಲ್ಲ. ನೆರಳಿನ ತೊಡಕು ಇನ್ನೂ ದೊಡ್ಡದು. Drop Shadow ಇಡೀ ಸರಕ್ಕೆ ಒಂದೇ ಅಂತರದ, ಒಂದೇ ಮೆದುತನದ ನೆರಳನ್ನು ಕೊಡುವುದರಿಂದ ಸರವು ಚರ್ಮದಿಂದ ಒಂದೇ ಸಮನಾಗಿ ಮೇಲೆದ್ದು ತೇಲುವಂತೆ ಕಾಣುತ್ತದೆ. ನಿಜವಾದ ಸರವು ಕೊರಳಿನ ಎಲುಬಿನ ಮೇಲೆ ಒರಗಿದಲ್ಲಿ ಗುಂಡಿನ ಅಡಿಯಲ್ಲೇ ಕೂದಲೆಳೆಯಷ್ಟು ಸಪುರವಾದ, ಗಾಢವಾದ ನೆರಳನ್ನು ಬೀಳಿಸುತ್ತದೆ. ಎರಡು ಎಲುಬುಗಳ ನಡುವಿನ ಗುಳಿಯಲ್ಲಿ ಸರವು ಚರ್ಮವನ್ನು ಬಿಟ್ಟು ನಿಲ್ಲುವುದರಿಂದ ಅಲ್ಲಿ ನೆರಳು ಬಲಕ್ಕೆ ಸರಿದು, ಅಗಲವಾಗಿ, ಮಸುಕಾಗುತ್ತದೆ.

ಎರಡನೆಯ ವಿಧಾನದ ಶಕ್ತಿಯೆಲ್ಲ ಇರುವುದು ಇಲ್ಲಿಯೇ. ಹೆಚ್ಚುಕಡಿಮೆ ಅದೇ ಮೈಬಣ್ಣದ, ಅದೇ ಗಾತ್ರದ ಕೊರಳುಳ್ಳ ತಂಗಿಯನ್ನು, ಮೋಡ ಕವಿದ ದಿನ, ಅದೇ ಹೊತ್ತಿಗೆ ಅದೇ ಜಾಗದಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆ. ಕ್ಯಾಮೆರಾವನ್ನು ಮೊದಲಿನ ಎತ್ತರ ಮತ್ತು ದೂರದಲ್ಲಿ ಟ್ರೈಪಾಡಿನ ಮೇಲೆ ನಿಲ್ಲಿಸಿ, ಎಕ್ಸ್‌ಪೋಶರನ್ನು ಬದಲಿಸದೆ, ಸರವಿರುವ ಒಂದು ಚಿತ್ರವನ್ನೂ ಸರ ತೆಗೆದ ಇನ್ನೊಂದನ್ನೂ ತೆಗೆದೆ. ಸರವಿರುವ ಚಿತ್ರವನ್ನು ಕೆಳಗಿಟ್ಟು, ಸರವಿಲ್ಲದ್ದನ್ನು ಅದರ ಮೇಲೆ Divide ಎಂಬ ಬ್ಲೆಂಡ್ ಮೋಡ್‌ನಲ್ಲಿ ಇಟ್ಟರೆ, ಎರಡರಲ್ಲೂ ಒಂದೇ ಆಗಿರುವ ಚರ್ಮವು ಬಿಳಿಯಾಗಿ, ಸರದ ಜಾಗ ಬಿಟ್ಟರೆ ನೆರಳು ಮಾತ್ರ ತನ್ನ ಬಣ್ಣದೊಂದಿಗೆ ಉಳಿಯುತ್ತದೆ. ಈ ಫಲಿತಾಂಶವನ್ನು ಒಂದು ಪದರವಾಗಿಸಿ ಅತ್ತಿಗೆಯ ಚಿತ್ರದ ಮೇಲೆ Multiply ಎಂದು ಇಟ್ಟಾಗ ಬಿಳಿ ಮಾಯವಾಗಿ ನಿಜವಾದ ನೆರಳು ಅವರ ಚರ್ಮದ ಮೇಲೆ ಬೀಳುತ್ತದೆ. ಕತ್ತರಿಸಿದ ಸರವನ್ನು ಅದರ ಮೇಲೆ ಕೂರಿಸಿದರಾಯಿತು. ನೆರಳಿಗೂ ಸರಕ್ಕೂ ಒಂದೇ Warp ಆಗಬೇಕು, ಇಲ್ಲವಾದರೆ ಎರಡೂ ಬೇರೆಬೇರೆ ದಾರಿ ಹಿಡಿಯುತ್ತವೆ. ಎರಡು ಚಿತ್ರಗಳ ನಡುವೆ ಕೊರಳು ಉಸಿರಾಟದಿಂದ ಅಲುಗಿದ್ದರೆ ಮಚ್ಚೆಗಳ, ಚರ್ಮದ ಗೆರೆಗಳ ಪಕ್ಕದಲ್ಲಿ ಕಪ್ಪು ಗೆರೆಗಳು ಏಳುತ್ತವೆ. ಅವನ್ನು ಬಿಳಿ ಬ್ರಷ್‌ನಿಂದ ಅಳಿಸಬೇಕು.

ಹೀಗೆ ಬಂದ ಸರದಲ್ಲಿ, ಬರೆದು ತರಲು ನನಗೆ ಎಂದೂ ಸಾಧ್ಯವಾಗದ ಒಂದು ಅಂಶವಿತ್ತು. ಗುಂಡುಗಳ ಕೆಳಮೈಯಲ್ಲಿ ಚರ್ಮದ ಕೆಂಪುಛಾಯೆ ಪ್ರತಿಫಲಿಸಿತ್ತು. ಮೈಗೆ ತಾಗಿದ ಚಿನ್ನ ಹಾಗಲ್ಲದೆ ಕಾಣುವುದೇ ಇಲ್ಲ.

ಬ್ರಷ್‌ನಿಂದ ಪೂರ್ತಿ ಸರ ಬರೆಯುವುದು ಅರ್ಧ ದಿನದ ಕೆಲಸ. ನನ್ನ ಮಟ್ಟಿಗೆ ಅದು ವ್ಯರ್ಥ. ಸರ ಚರ್ಮಕ್ಕೆ ತಾಗುವಲ್ಲಿನ ನೆರಳನ್ನು ತಿದ್ದುವುದಕ್ಕೆ ಮಾತ್ರ ಅದು ಬೇಕೇ ಬೇಕು. ಆಗ ಕಪ್ಪನ್ನು ಬಳಸಬಾರದು, ಚರ್ಮಕ್ಕೆ ಮಸಿ ಮೆತ್ತಿದಂತಾಗುತ್ತದೆ. ಅದೇ ಚಿತ್ರದಲ್ಲಿ ಗಲ್ಲದ ಅಡಿಯಲ್ಲಿರುವ ಕೆಂಪುಮಿಶ್ರಿತ ಕಂದುಬಣ್ಣವನ್ನು ಆರಿಸಿಕೊಂಡರೆ ಸಾಕು.

ಜುಮುಕಿಯ ವಿಷಯದಲ್ಲಿ ಮಾತ್ರ ನನ್ನ ತೀರ್ಪು ಬೇರೆ. ಅದು ಕಿವಿಯ ಹಾಲೆಯೊಂದರಲ್ಲೇ ಮೈಗೆ ತಾಗಿ ಉಳಿದಂತೆ ಗಾಳಿಯಲ್ಲಿ ತೂಗುವುದರಿಂದ ಸಿದ್ಧಚಿತ್ರವೇ ಸಾಕಾಗುತ್ತದೆ. ಅದರ ಬೆಳಕು ಬಲದಿಂದ ಬಂದಿದ್ದರೆ ಎಡಬಲ ತಿರುಗಿಸಿಕೊಳ್ಳಬಹುದು. ಆದರೆ ಎರಡೂ ಕಿವಿ ಕಾಣುವ ಚಿತ್ರದಲ್ಲಿ ಒಂದನ್ನು ತಿರುಗಿಸಿ ಇನ್ನೊಂದು ಕಿವಿಗೆ ಇಟ್ಟರೆ ಎರಡು ಕಡೆಯಿಂದ ಬೆಳಕು ಬಂದಂತಾಗುತ್ತದೆ. ತಲೆ ಎಷ್ಟೇ ವಾಲಿದ್ದರೂ ಜುಮುಕಿ ನೆಟ್ಟಗೆ ಕೆಳಕ್ಕೇ ತೂಗಬೇಕು. ಕೊಂಡಿಯು ಹಾಲೆಯ ರಂಧ್ರದೊಳಗೆ ಮರೆಯಾಗುವಂತೆ ಮಾಸ್ಕ್ ಮಾಡಿ, ಹಾಲೆಯನ್ನು Liquify ಮೂಲಕ ತುಸುವೇ ಕೆಳಕ್ಕೆ ಎಳೆದಾಗ ಜುಮುಕಿಗೆ ತೂಕ ಬರುತ್ತದೆ. ಕಿವಿಯ ಮುಂದೆ ಹಾಯುವ ಕೂದಲೆಳೆಗಳನ್ನು ಆಭರಣದ ಮೇಲಕ್ಕೆ ಮರಳಿ ತರಬೇಕು. ಕಣ್ಣಿಗೆ ಫೋಕಸ್ ಇಟ್ಟ ಚಿತ್ರದಲ್ಲಿ ಕಿವಿ ಸ್ವಲ್ಪ ಮಸುಕಾಗಿರುತ್ತದೆ, ಜುಮುಕಿಯನ್ನೂ ಅಷ್ಟೇ ಮಸುಕಾಗಿಸಬೇಕು. ಹರಿತವಾದ ಜುಮುಕಿ ಮಸುಕಾದ ಕಿವಿಯಲ್ಲಿದ್ದರೆ ಪಾಸ್‌ಪೋರ್ಟ್ ಅಳತೆಯಲ್ಲಿ ಯಾರಿಗೂ ತಿಳಿಯದು, ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟಿನಲ್ಲಿ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ.