ಹಬ್ಬದ ಬಟ್ಟೆ, ನಮ್ಮ ಬೀದಿಯ ಟೈಲರ್: ಹಲವು ವರ್ಷ ಹೊಲಿಸಿದ ಮೇಲೆ

ತುಮಕೂರಿನ ನಮ್ಮ ಬೀದಿಯ ಟೈಲರ್ ಹತ್ತಿರವೇ ಹಲವು ವರ್ಷಗಳಿಂದ ಮನೆಯವರೆಲ್ಲರ ಹಬ್ಬದ ಬಟ್ಟೆ ಹೊಲಿಸುತ್ತಿದ್ದೇನೆ. ಹೊಲಿಗೆ ಅಚ್ಚುಕಟ್ಟು. ಆದರೆ ಖರ್ಚಿನ ಅಂದಾಜನ್ನು ನಾವೇ ಮೊದಲು ಹಾಕಿಕೊಂಡು ಹೋಗಬೇಕು. ಅಂಗಡಿಯಲ್ಲಿ ಹೇಳುವುದು ಹೊಲಿಗೆ ಕೂಲಿ ಮಾತ್ರ, ಲೈನಿಂಗ್ ಲೆಕ್ಕ ಬೇರೆ.

ಈ ಸಲದ ಗೌರಿ ಹಬ್ಬಕ್ಕೆ ಮಗಳ ಉದ್ದಲಂಗದ ಲೆಕ್ಕ ಹೇಳ್ತೀನಿ, ಎಡವಟ್ಟಾಗುವುದು ಅಲ್ಲೇ. ಅವಳಿಗೆ ಎಂಟು ವರ್ಷ, ಲಂಗದ ಉದ್ದ 30 ಇಂಚು. ಜರಿ ಅಂಚು ಕೆಳಗೆ ಬರಬೇಕಾದ್ದರಿಂದ ಬಟ್ಟೆಯ ಅಗಲ, ಅಂದರೆ ಪನ್ನವೇ ಲಂಗದ ಉದ್ದವಾಗುತ್ತದೆ. ಅಂದರೆ ನಾವು ಕೊಳ್ಳುವ ಮೀಟರ್ ಎಲ್ಲ ಘೇರಿಗೆ ಹೋಗುತ್ತದೆ. ಘೇರು ಚೆನ್ನಾಗಿ ಬರಲು ಮೂರು ಮೀಟರ್, ರವಿಕೆಗೆ ಅರ್ಧ ಮೀಟರ್. ಮೀಟರಿಗೆ 300 ರೂಪಾಯಿಯಂತೆ 1,050. ಲೈನಿಂಗಿಗೆ ಅಷ್ಟು ಘೇರು ಬೇಡ. ಲಂಗಕ್ಕೆ ಎರಡು, ರವಿಕೆಗೆ ಅರ್ಧ ಮೀಟರ್ ಸೇರಿ 200 ರೂಪಾಯಿ. ಹೊಲಿಗೆ 850. ಒಟ್ಟು 2,100. ಬಟ್ಟೆಗೆ ಕೊಟ್ಟಷ್ಟೇ ದುಡ್ಡು ಮತ್ತೆ ಬೇಕು ಅಂತಾಯಿತಲ್ವಾ?

ಈಗ ಆಲ್ಟರೇಷನ್ ವಿಷಯ. ಪನ್ನ 44 ಇಂಚು ಇರುವುದರಿಂದ ಉದ್ದದಲ್ಲಿ 14 ಇಂಚು ಉಳಿಯುತ್ತದೆ. ಅದರಲ್ಲಿ ಒಳಗಡೆ ಒಂದಿಂಚಿನ ಎರಡು ಮಡಿಕೆ ಹಾಕಿಸಿದರೆ ನಾಲ್ಕು ಇಂಚು ಕೂಡಿಟ್ಟ ಹಾಗೆ. ಮಗು ಬೆಳೆದಂತೆ ಬಿಚ್ಚಬಹುದು, ಜಾಸ್ತಿ ಬಟ್ಟೆ ಕೊಳ್ಳುವುದು ಬೇಡ. ಹಿಂದೊಮ್ಮೆ ಟೈಲರ್ ಮೇಲಿನ ಬಟ್ಟೆಗೆ ಮಾತ್ರ ಮಡಿಕೆ ಬಿಟ್ಟು, ಲೈನಿಂಗ್ ಅಳತೆಗೆ ಸರಿಯಾಗಿ ಕತ್ತರಿಸಿದ್ದರು. ಮಡಿಕೆ ಬಿಚ್ಚಿದಾಗ ಲೈನಿಂಗ್ ಗಿಡ್ಡವಾಯಿತು, ಅಂಚಿನ ಜರಿ ಕಾಲಿಗೆ ಚುಚ್ಚಿ ಮಗು ಅತ್ತಿತು. ಲೈನಿಂಗಿಗೆ ಪಟ್ಟಿ ಜೋಡಿಸಲು ಬೇರೆ ಕೂಲಿ ಆಯಿತು. ಅಂದಿನಿಂದ ಲೈನಿಂಗಿಗೂ ಮಡಿಕೆ ಬೇಕು ಎಂದು ಚೀಟಿಯಲ್ಲೇ ಬರೆಸುತ್ತೇನೆ. ರವಿಕೆಯ ಪಕ್ಕದಲ್ಲೂ ಒಂದೊಂದು ಇಂಚು ಒಳಗೆ ಬಿಡಿಸುತ್ತೇನೆ. ಕಾಟನ್ ಲೈನಿಂಗನ್ನು ನೆನೆಸಿ ಒಣಗಿಸಿಯೇ ಕೊಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ.

ಉಳಿದವರದ್ದು ಸುಲಭ. ನನ್ನ ರವಿಕೆಗೆ ಸೀರೆಯಲ್ಲೇ ಬಟ್ಟೆ ಇತ್ತು. ಲೈನಿಂಗ್, ಹೊಲಿಗೆ, ಸೀರೆಗೆ ಫಾಲ್ ಎಲ್ಲ ಸೇರಿ 680. ಯಜಮಾನರ ಕುರ್ತಾ ಪೈಜಾಮಕ್ಕೆ ಎರಡೂವರೆ ಮೀಟರಿನ ಎರಡು ತುಂಡು, ಹೊಲಿಗೆ ಸೇರಿ 1,700. ಐದು ವರ್ಷದ ಮಗನ ಕುರ್ತಾಗೆ ಒಂದೂವರೆ ಮೀಟರ್ ಸಾಕಾಯಿತು, 630. ನಾಲ್ವರಿಗೂ ಸೇರಿ 5,110. ಅದರಲ್ಲಿ ಬಟ್ಟೆಯದ್ದು 2,280 ಮಾತ್ರ.

ಇಲ್ಲಿ ಹೊಲಿಸಿದ್ದನ್ನು ಮೊದಲ ಸಲ ಬಿಗಿ ಸಡಿಲ ಮಾಡಿಕೊಡಲು ದುಡ್ಡು ಕೇಳುವುದಿಲ್ಲ. ಅದು ನನಗೆ ತುಂಬಾ ಇಷ್ಟ. ಆದರೆ ಹಬ್ಬದ ಹಿಂದಿನ ವಾರ ಕೊಟ್ಟರೆ ಅರ್ಜೆಂಟ್ ಎಂದು ಕೂಲಿ ಏರಿಸುತ್ತಾರೆ, ಹಾಕಿ ನೋಡಿ ಸರಿಪಡಿಸಲು ಸಮಯವೂ ಇರುವುದಿಲ್ಲ. ಒಂದು ತಿಂಗಳು ಮೊದಲೇ ಕೊಡುವುದಾದರೆ ಧೈರ್ಯವಾಗಿ ಇವರ ಹತ್ತಿರ ಹೊಲಿಸಬಹುದು.